ಎದುರಂಗಡಿಯವನೂ ಒಪ್ಪುವ ಕೋಷ್ಟಕ

ಆಂಡರ್ಸನ್‌ಪೇಟೆಯಲ್ಲಿ ನೀರಿನ ಫಿಲ್ಟರ್ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ಬೇಸಿಗೆಯಲ್ಲಿ ಕರಪತ್ರವೊಂದರ ಪ್ರೂಫ್ ಹಿಡಿದುಕೊಂಡು ಮನೆಗೆ ಬಂದ. "ಸಾರ್, ಕನ್ನಡದಲ್ಲಿ ತಪ್ಪಿದ್ದರೆ ತಿದ್ದಿಕೊಡಿ, ನಾಳೆ ಪ್ರೆಸ್ಸಿಗೆ ಹೋಗಬೇಕು" ಅಂದ. ಅವನ ಮನೆಮಾತು ತಮಿಳು. ಗಿರಾಕಿಗಳಲ್ಲಿ ಅರ್ಧ ಜನ ತೆಲುಗಿನವರು. ಬಂಗಾರಪೇಟೆ ಕಡೆಯ ಹಳ್ಳಿಗಳಿಗೂ ವ್ಯಾಪಾರ ಹಬ್ಬಿಸಬೇಕೆಂದು ಕನ್ನಡದಲ್ಲಿ ಮಾಡಿಸಿದ್ದ. ಕಾಗುಣಿತದ ತಪ್ಪು ಎರಡೋ ಮೂರೋ ಇದ್ದವು, ತಿದ್ದಿದೆ. ತಿದ್ದಲಾಗದ ತಪ್ಪು ಹಾಳೆಯ ಕೆಳಭಾಗದ ಕೋಷ್ಟಕದಲ್ಲಿತ್ತು.

ಎರಡು ಕಾಲಂ. ಒಂದರ ಮೇಲೆ "ನಮ್ಮ ಆರ್‌ಒ", ಇನ್ನೊಂದರ ಮೇಲೆ "ಇತರ ಫಿಲ್ಟರ್‌ಗಳು". ಎಡಗಡೆ ಆರು ಸಾಲು: ಶುದ್ಧ ನೀರು, ಫ್ಲೋರೈಡ್ ನಿವಾರಣೆ, ಖನಿಜಾಂಶ ಉಳಿಕೆ, ಟಿಡಿಎಸ್, ಖರ್ಚು, ಸರ್ವೀಸ್. ಅವನ ಕಾಲಂನಲ್ಲಿ ಮೇಲಿಂದ ಕೆಳಗಿನವರೆಗೂ ಹಸಿರು ಸರಿಗುರುತು, ಟಿಡಿಎಸ್ ಎದುರು ಮಾತ್ರ 50 ಎಂಬ ಅಂಕಿ. ಪಕ್ಕದ ಕಾಲಂನಲ್ಲಿ ಉದ್ದಕ್ಕೂ ಕೆಂಪು ತಪ್ಪುಗುರುತು, ಟಿಡಿಎಸ್ ಎದುರು 900. ಕೆಳಗೆ ನಕ್ಷತ್ರ ಚಿಹ್ನೆ ಹಾಕಿ ಇರುವೆ ಗಾತ್ರದ ಇಂಗ್ಲಿಷಿನಲ್ಲಿ ಒಂದು ಸಾಲು: ಷರತ್ತುಗಳು ಅನ್ವಯ.

ಅವನು ಮೋಸಗಾರನಲ್ಲ. ಯಂತ್ರ ಕೊಟ್ಟ ಕಂಪನಿಯ ಕರಪತ್ರ ನೋಡಿ ಹಾಗೇ ಇಳಿಸಿಕೊಂಡಿದ್ದ. ಆ ಹಾಳೆಯನ್ನು ಮುಂದಿಟ್ಟುಕೊಂಡು ನಾವಿಬ್ಬರೂ ಮೂರು ಸಂಜೆ ಕೂತೆವು. ಆಗ ನನಗೆ ಖಚಿತವಾದ ಮಾತನ್ನು ಇಲ್ಲಿ ವಾದಿಸುತ್ತಿದ್ದೇನೆ. ಹೋಲಿಕೆಯ ಕೋಷ್ಟಕ ನ್ಯಾಯವಾಗಿದೆಯೇ ಎಂದು ತಿಳಿಯಬೇಕಾದರೆ ಮಾರುವವನ ಕಾಲಂ ನೋಡಿದರೆ ಸಾಲದು, ಪಕ್ಕದ ಕಾಲಂ ನೋಡಬೇಕು. ಎದುರಂಗಡಿಯವನ ಬಗ್ಗೆ ಬರೆದ ಪ್ರತಿಯೊಂದು ಮಾತನ್ನೂ ಅವನೇ ಓದಿ "ಹೌದು, ನನ್ನ ಸರಕು ಇಷ್ಟೇ" ಎಂದು ಒಪ್ಪುವಂತಿರಬೇಕು. ಒಪ್ಪದಿದ್ದರೆ, ಒಪ್ಪದೇ ಇರಲು ಅವನಿಗೆ ಕಾರಣ ಸಿಗದಷ್ಟು ನಿಖರವಾಗಿರಬೇಕು.

"ಎಲ್ಲರೂ ತಮ್ಮದೇ ಶ್ರೇಷ್ಠ ಅಂತಾರಲ್ಲ ಸಾರ್" ಎಂದು ಅವನು ಕೇಳಿದ. ನ್ಯಾಯವಾದ ಪ್ರಶ್ನೆಯೇ. ನಮ್ಮ ನ್ಯಾಯಾಲಯಗಳೂ ಅದಕ್ಕೆ ಒಂದಷ್ಟು ಜಾಗ ಬಿಟ್ಟಿವೆ. 1999ರಲ್ಲಿ ಬಟ್ಟೆಗೆ ಹಾಕುವ ನೀಲಿಯ ಜಗಳವೊಂದು ಕಲ್ಕತ್ತಾ ಹೈಕೋರ್ಟಿಗೆ ಬಂತು. ಉಜಾಲಾ ತಯಾರಕರ ಜಾಹೀರಾತಿನಲ್ಲಿ ಎದುರಾಳಿಯ ಹೆಸರಿರಲಿಲ್ಲ. ಆದರೆ ತೋರಿಸಿದ ಸೀಸೆ ರಾಬಿನ್ ಬ್ಲೂ ಸೀಸೆಯನ್ನು ಹೋಲುತ್ತಿತ್ತು, ಹೇಳಿದ ಬೆಲೆಯೂ ಅದರದ್ದೇ ಆಗಿತ್ತು. ನನ್ನ ಸರಕು ಜಗತ್ತಿನಲ್ಲೇ ಉತ್ತಮ ಎಂದು ವ್ಯಾಪಾರಿ ಹೇಳಿಕೊಳ್ಳಬಹುದು, ಇನ್ನೊಬ್ಬನದಕ್ಕಿಂತ ಮೇಲು ಎಂದೂ ಹೇಳಬಹುದು, ಆದರೆ ಅವನದು ಕೆಟ್ಟದ್ದು ಎನ್ನುವಂತಿಲ್ಲ ಎಂಬ ಗೆರೆಯನ್ನು ಆ ತೀರ್ಪು ಎಳೆಯಿತು. ಮುಂದೆ ದೆಹಲಿ ಹೈಕೋರ್ಟು 2010ರ ಡಾಬರ್ ಮತ್ತು ಕಲರ್‌ಟೆಕ್ ಪ್ರಕರಣದಲ್ಲಿ ಆ ಸಡಿಲಿಕೆಯನ್ನು ಬಿಗಿ ಮಾಡಿತು. ಅತಿಶಯೋಕ್ತಿಗೆ ಅವಕಾಶ ಉಂಟು, ಸುಳ್ಳಿಗೆ ಮತ್ತು ದಾರಿ ತಪ್ಪಿಸುವ ಮಾತಿಗೆ ಇಲ್ಲ ಎಂಬುದು ಅದರ ತಿರುಳು.

ಅತಿಶಯೋಕ್ತಿಗೆ ಇರುವ ಈ ಮಾಫಿ ಕೋಷ್ಟಕಕ್ಕೆ ಸಿಗಬಾರದು ಎನ್ನುವುದು ನನ್ನ ವಾದ. ಅಂಗಡಿಯ ಫ್ಲೆಕ್ಸಿನ ಮೇಲೆ "ಅಮೃತದಂಥ ನೀರು" ಎಂದು ಬರೆದರೆ ಓದುವವನಿಗೆ ಅದು ವ್ಯಾಪಾರದ ಮಾತೆಂದು ಗೊತ್ತು, ಅಷ್ಟು ತೂಕ ಕಳೆದೇ ಓದುತ್ತಾನೆ. ಗೆರೆ ಎಳೆದು, ಸಾಲು ಹಾಕಿ, ಚೌಕದೊಳಗೆ ಸರಿ ತಪ್ಪು ತುಂಬಿದ ಕೂಡಲೇ ಅದೇ ಮಾತು ಲ್ಯಾಬ್ ರಿಪೋರ್ಟಿನ ವೇಷ ತೊಡುತ್ತದೆ. ಯಾರೋ ಎರಡನ್ನೂ ಅಕ್ಕಪಕ್ಕ ಇಟ್ಟು ಅಳೆದು ನೋಡಿದ್ದಾರೆ ಎಂದು ಓದುಗ ನಂಬುತ್ತಾನೆ. ಅಳೆಯದೇ ಆ ನಂಬಿಕೆಯನ್ನು ಬಳಸಿಕೊಂಡರೆ ಅದು ಅತಿಶಯವಲ್ಲ. ಈ ಊರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಇಲ್ಲಿ ಅದಿರನ್ನು ಯಾರೂ ಒಳ್ಳೆಯದು, ಕೆಟ್ಟದ್ದು ಎನ್ನುತ್ತಿರಲಿಲ್ಲ. ಮಾದರಿ ತೆಗೆದು, ಪುಡಿ ಮಾಡಿ, ಕರಗಿಸಿ, ಟನ್ನಿಗೆ ಎಷ್ಟು ಗ್ರಾಂ ಎಂದು ಹೇಳುತ್ತಿದ್ದರು. 2001ರಲ್ಲಿ ಗಣಿ ಮುಚ್ಚಿತು. ಆ ಲೆಕ್ಕದ ಶಿಸ್ತು ಮುಚ್ಚಬೇಕಾದ ಕಾರಣವಿಲ್ಲ.

ಮೊದಲು ಹೋಗಬೇಕಾದದ್ದು "ಇತರ ಫಿಲ್ಟರ್‌ಗಳು" ಎಂಬ ತಲೆಬರಹ. ಇತರ ಎಂದರೆ ಯಾವುದು? ಕ್ಯಾಂಡಲ್ ಹಾಕಿದ ಸ್ಟೀಲ್ ಫಿಲ್ಟರೇ? ಯುವಿ ದೀಪದ ಯಂತ್ರವೇ? ಕ್ಯಾನ್ ನೀರೇ? ಇನ್ನೊಂದು ಕಂಪನಿಯ ಆರ್‌ಒ ಯಂತ್ರವೇ? ಇವು ನಾಲ್ಕೂ ಬೇರೆ ಬೇರೆ ಕೆಲಸ ಮಾಡುತ್ತವೆ. ಕ್ಯಾಂಡಲ್ ಮಣ್ಣು, ಮಡ್ಡಿಯನ್ನು ತಡೆಯುತ್ತದೆ. ಯುವಿ ದೀಪ ಸೂಕ್ಷ್ಮಜೀವಿಗಳನ್ನು ನಿಷ್ಕ್ರಿಯಗೊಳಿಸುತ್ತದೆ, ಕರಗಿದ ಉಪ್ಪಿಗೂ ಫ್ಲೋರೈಡಿಗೂ ಏನೂ ಮಾಡುವುದಿಲ್ಲ. ಆರ್‌ಒ ಮೆಂಬ್ರೇನ್ ಕರಗಿದ್ದನ್ನೂ ಬಹುಪಾಲು ತಡೆಯುತ್ತದೆ. ಎಲ್ಲವನ್ನೂ ಒಂದೇ ಕಾಲಂಗೆ ತುರುಕಿದರೆ ಒಂದೊಂದು ಸಾಲಿನಲ್ಲೂ ಅವುಗಳಲ್ಲಿ ಅತಿ ದುರ್ಬಲವಾದದ್ದು ಎಲ್ಲರ ಪರವಾಗಿ ನಿಲ್ಲುತ್ತದೆ. ಫ್ಲೋರೈಡ್ ಸಾಲಿನಲ್ಲಿ ಯುವಿ ಸೋಲುತ್ತದೆ, ಆ ಸೋಲು ಪಕ್ಕದ ರಸ್ತೆಯ ಆರ್‌ಒ ಅಂಗಡಿಯವನ ತಲೆಗೂ ಬೀಳುತ್ತದೆ. ಹೆಸರು ಹೇಳಲಿಲ್ಲವಲ್ಲ ಎಂಬ ಸಮಾಧಾನವೂ ನಿಲ್ಲದು. 2004ರಲ್ಲಿ ಬೇಸಿಗೆಗೆ ಚ್ಯವನಪ್ರಾಶ ಬೇಡ ಎಂಬರ್ಥದ ಜಾಹೀರಾತೊಂದನ್ನು ಡಾಬರ್ ಪ್ರಶ್ನಿಸಿತು. ಅದರಲ್ಲಿ ಡಾಬರ್ ಹೆಸರೇ ಇರಲಿಲ್ಲ. ಒಂದು ವರ್ಗದ ಸರಕನ್ನೇ ಹಳಿದರೆ ಆ ವರ್ಗದಲ್ಲಿರುವ ವ್ಯಾಪಾರಿ ಪ್ರಶ್ನಿಸಬಹುದು ಎಂಬುದನ್ನು ದೆಹಲಿ ಹೈಕೋರ್ಟು ಒಪ್ಪಿತು.

ಹಾಗಾಗಿ ಕಾಲಂ ಒಡೆದೆವು: "ಯುವಿ ಯಂತ್ರ", "ಶುದ್ಧ ಕುಡಿಯುವ ನೀರಿನ ಘಟಕ", "ಕ್ಯಾನ್ ನೀರು". ಬೇರೆ ಕಂಪನಿಯ ಆರ್‌ಒಗೆ ಕಾಲಂ ಇಡಲಿಲ್ಲ, ಅವರ ಯಂತ್ರವನ್ನು ನಾವು ಅಳೆದಿರಲಿಲ್ಲ. ಅವನ ಮೂಲ ಹಾಳೆಯಲ್ಲಿ ನೀರಿನ ಘಟಕದ ಸುಳಿವೇ ಇರಲಿಲ್ಲ ಎಂಬುದನ್ನು ಗಮನಿಸಬೇಕು. ನಮ್ಮ ಹಳ್ಳಿಗಳಲ್ಲಿ ಅವನ ನಿಜವಾದ ಎದುರಾಳಿ ಅದೇ. ಅನೇಕ ಕಡೆ 5 ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಬರುತ್ತದೆ. ಗೆಲ್ಲಲಾಗದ ಎದುರಾಳಿಯನ್ನು ಕೋಷ್ಟಕದಿಂದಲೇ ಬಿಡುವುದೂ ಹೋಲಿಕೆಯನ್ನು ತಿರುಚುವ ಒಂದು ಬಗೆ.

ಇನ್ನು ಟಿಡಿಎಸ್ ಸಾಲು. ಇದರ ಹಿಂದೆ ಒಂದು ಪ್ರದರ್ಶನವಿದೆ, ಅದನ್ನು ನೋಡದ ಮನೆ ನಮ್ಮ ಕಡೆ ಕಡಿಮೆ. ಮಾರಾಟಗಾರ ಬಂದು ಎರಡು ಗಾಜಿನ ಲೋಟ ಇಡುತ್ತಾನೆ. ಒಂದರಲ್ಲಿ ನಿಮ್ಮ ನಲ್ಲಿಯ ನೀರು, ಇನ್ನೊಂದರಲ್ಲಿ ಅವನ ಯಂತ್ರದ ನೀರು. ಲೋಹದ ಕಡ್ಡಿಗಳಿರುವ ಒಂದು ಡಬ್ಬಿಯನ್ನು ಎರಡರ ಮೇಲೂ ಇಟ್ಟು ಕರೆಂಟ್ ಕೊಡುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ನಿಮ್ಮ ನೀರು ತುಕ್ಕಿನ ಬಣ್ಣಕ್ಕೆ ತಿರುಗಿ ಮೇಲೆ ಕೊಳೆ ತೇಲುತ್ತದೆ. ಅವನದು ತಿಳಿಯಾಗೇ ಇರುತ್ತದೆ. "ಇದನ್ನೇ ನಿಮ್ಮ ಮಕ್ಕಳು ಕುಡೀತಿರೋದು ಅಮ್ಮ" ಎನ್ನುತ್ತಾನೆ. ಆ ತಾಯಿಯ ಮುಖವನ್ನು ನಾನು ನೋಡಿದ್ದೇನೆ. ಸಿಟ್ಟು ಬಂದಿತ್ತು, ಇವತ್ತಿಗೂ ಇದೆ. ಆ ತುಕ್ಕು ನೀರಿನದ್ದಲ್ಲ, ಕಡ್ಡಿಯದ್ದು. ನೀರಿನಲ್ಲಿ ಉಪ್ಪಿನಂಶ ಕರಗಿದ್ದರೆ ವಿದ್ಯುತ್ ಹರಿಯುತ್ತದೆ, ಹರಿದಾಗ ಕಬ್ಬಿಣದ ಕಡ್ಡಿ ಸವೆದು ನೀರಿಗೆ ಇಳಿದು ತುಕ್ಕಿನ ಗಸಿಯಾಗುತ್ತದೆ. ಆರ್‌ಒ ನೀರಿನಲ್ಲಿ ಉಪ್ಪು ತೀರ ಕಡಿಮೆ ಇರುವುದರಿಂದ ವಿದ್ಯುತ್ ಹೆಚ್ಚು ಹರಿಯುವುದಿಲ್ಲ, ಕಡ್ಡಿಯೂ ಸವೆಯುವುದಿಲ್ಲ. ನಂಬಿಕೆ ಬಾರದಿದ್ದರೆ ಅವನ ತಿಳಿನೀರಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೆ ಕರೆಂಟ್ ಕೊಡಿಸಿ. ಅದೂ ಕೆಂಪಾಗುತ್ತದೆ. ನನ್ನ ವಿದ್ಯಾರ್ಥಿಯ ಅಂಗಡಿಯಲ್ಲೂ ಅಂಥ ಡಬ್ಬಿಯೊಂದಿತ್ತು. ಉಪ್ಪು ಹಾಕಿ ತೋರಿಸಿದ ಮೇಲೆ ಅವನೇ ಅದನ್ನು ಅಟ್ಟಕ್ಕೆ ಎಸೆದ.

ಟಿಡಿಎಸ್ ಪೆನ್ನಿನ ಕಥೆಯೂ ಇದರ ತಮ್ಮನೇ. ಅದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂದು ಅಳೆದು, ಒಂದು ಗುಣಕದಿಂದ ಗುಣಿಸಿ, ಕರಗಿದ ಲವಣ ಲೀಟರಿಗೆ ಇಷ್ಟು ಮಿಲಿಗ್ರಾಂ ಇರಬಹುದು ಎಂದು ಅಂದಾಜು ಹೇಳುತ್ತದೆ. ಅದರಲ್ಲಿ ಕ್ಯಾಲ್ಸಿಯಂ ಎಷ್ಟು, ಸೋಡಿಯಂ ಎಷ್ಟು, ಫ್ಲೋರೈಡ್ ಎಷ್ಟು ಎಂದು ಅದಕ್ಕೆ ಗೊತ್ತಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಟಿಡಿಎಸ್ 500ರೊಳಗೆ ಇರುವುದು ಅಪೇಕ್ಷಣೀಯ, ಬೇರೆ ಮೂಲವೇ ಇಲ್ಲದಿದ್ದರೆ 2000ದವರೆಗೂ ಒಪ್ಪಬಹುದು. ಫ್ಲೋರೈಡಿಗೆ ಆ ಮಿತಿಗಳು 1.0 ಮತ್ತು 1.5. ಒಂಬೈನೂರರಲ್ಲಿ ಎರಡೂವರೆ ಮಿಲಿಗ್ರಾಂ ಫ್ಲೋರೈಡ್ ಅಡಗಿದ್ದರೂ ಪೆನ್ನಿನ ಪರದೆಯಲ್ಲಿ ಅದರ ಸುಳಿವು ಸಿಗದು. ಟಿಡಿಎಸ್ 400 ಇದ್ದು ಫ್ಲೋರೈಡ್ ಮಿತಿ ಮೀರಿದ ಬೋರ್‌ವೆಲ್ ಇರಬಹುದು. 900 ಇದ್ದು ಫ್ಲೋರೈಡ್ ಮಿತಿಯೊಳಗೇ ಇರುವುದೂ ಸಾಧ್ಯ. ಆದ್ದರಿಂದ 50 ಮತ್ತು 900 ಎಂಬ ಅಂಕಿಗಳು ಸುಳ್ಳಲ್ಲದಿದ್ದರೂ ಕೋಷ್ಟಕದಲ್ಲಿ ಅವು ಹೇಳುವ ಮಾತು ಸುಳ್ಳು. ಸುಲಭವಾಗಿ ಅಳೆಯಬಹುದಾದದ್ದನ್ನು ಆರೋಗ್ಯಕ್ಕೆ ಮುಖ್ಯವಾದದ್ದರ ಜಾಗದಲ್ಲಿ ಕೂರಿಸಿದ್ದೇ ತಪ್ಪು. ಯಾವ ಗುಣವನ್ನು ಹೋಲಿಸಬೇಕು ಎಂಬ ಆಯ್ಕೆಯಲ್ಲೇ ಕೃತಕ ಮೇಲುಗೈ ಪಡೆಯಬಾರದು ಎಂದು ಭಾರತದ ಜಾಹೀರಾತು ಮಾನಕ ಮಂಡಳಿಯ ಸಂಹಿತೆ ಹೇಳುವುದು ಇದನ್ನೇ.

ಪೆನ್ನನ್ನು ಎಸೆಯಬೇಕಾಗಿಲ್ಲ. ಅದಕ್ಕೆ ಒಂದು ನಿಜವಾದ ಉಪಯೋಗವಿದೆ. ಒಳಹೋಗುವ ನೀರು 900, ಹೊರಬರುವುದು ಹೊಸತರಲ್ಲಿ 90, ಎರಡು ವರ್ಷದ ನಂತರ ಅದೇ ನೀರಿಗೆ 250 ತೋರಿಸಿದರೆ ಮೆಂಬ್ರೇನ್ ಸೋತಿದೆ ಎಂದು ಅರ್ಥ. ಟಿಡಿಎಸ್ ಸಾಲನ್ನು ನಾವು ಕೋಷ್ಟಕದಿಂದ ತೆಗೆದು ಕರಪತ್ರದ ಹಿಂಬದಿಗೆ, "ಮೆಂಬ್ರೇನ್ ಬದಲಿಸುವ ಕಾಲ ಬಂತೆಂದು ತಿಳಿಯುವುದು ಹೇಗೆ" ಎಂಬಲ್ಲಿಗೆ ಸಾಗಿಸಿದೆವು.

ನಮ್ಮಿಬ್ಬರ ಎರಡನೆಯ ಸಂಜೆ ಇಡೀ ಹೋದದ್ದು ಫ್ಲೋರೈಡ್ ಸಾಲಿಗೆ. ಕೋಲಾರ ಜಿಲ್ಲೆಗೆ ಇದು ಬಾಯಿಮಾತಿನ ಸಂಗತಿಯಲ್ಲ. ಮಕ್ಕಳ ಹಲ್ಲಿನ ಮೇಲಿನ ಕಂದು ಗೆರೆ ನೋಡಿ ಯಾವ ಕಡೆಯವರೆಂದು ಊಹಿಸುವ ಹಿರಿಯರು ನಮ್ಮಲ್ಲಿದ್ದಾರೆ. ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆ, ಕೆರೆ ಬತ್ತಿದಂತೆಲ್ಲ ಬೋರ್‌ವೆಲ್ ಆಳಕ್ಕೆ ಇಳಿಯಿತು. ಗ್ರಾನೈಟ್ ಮತ್ತು ನೈಸ್ ಶಿಲೆಯ ಖನಿಜಗಳ ಜೊತೆ ವರ್ಷಗಟ್ಟಲೆ ನಿಂತ ನೀರಿಗೆ ಫ್ಲೋರೈಡ್ ಇಳಿಯುತ್ತದೆ. ಆದರೆ ಅದು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಒಂದೇ ಊರಿನ ಎರಡು ಬೋರ್‌ವೆಲ್‌ಗಳಲ್ಲಿ ಬೇರೆ ಬೇರೆ. ಬೇತಮಂಗಲ ಕೆರೆಯಂಥ ಮೇಲ್ಮೈ ನೀರಿನ ಗುಣವೇ ಬೇರೆ. ಹಾಗಾಗಿ "ಕೋಲಾರದ ನೀರಿನಲ್ಲಿ ಫ್ಲೋರೈಡ್ ವಿಷ" ಎಂಬ ಕರಪತ್ರದ ಶೀರ್ಷಿಕೆಯೇ ಮೊದಲು ಹೋಯಿತು. ಅದರ ಜಾಗದಲ್ಲಿ "ನಿಮ್ಮ ನೀರಿನ ಫ್ಲೋರೈಡ್ ಎಷ್ಟೆಂದು ಮೊದಲು ಪರೀಕ್ಷೆ ಮಾಡಿಸಿ" ಎಂದು ಬಂತು. ಬೋರ್‌ವೆಲ್ಲನ್ನು ಐದು ಹತ್ತು ನಿಮಿಷ ಓಡಿಸಿ, ಗಾಜಿನದ್ದಲ್ಲದ ಶುಚಿಯಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಿಡಿದು ಲ್ಯಾಬಿಗೆ ಕೊಡಬೇಕು ಎಂಬ ಸೂಚನೆಯನ್ನೂ ಸೇರಿಸಿದೆವು.

ಇನ್ನು ಆ ಎರಡು ಸರಿಗುರುತುಗಳು: ಫ್ಲೋರೈಡ್ ನಿವಾರಣೆಗೆ ಒಂದು, ಖನಿಜಾಂಶ ಉಳಿಕೆಗೆ ಒಂದು. ಬಿಡಿಬಿಡಿಯಾಗಿ ನೋಡಿದರೆ ಎರಡೂ ನಿಜ. ಒಟ್ಟಿಗೆ ಇಟ್ಟರೆ ಒಂದು ಇನ್ನೊಂದನ್ನು ತಿನ್ನುತ್ತದೆ. ಕಾರಣ, ಖನಿಜಾಂಶ ಉಳಿಸುವುದೆಂದರೆ ಅವನ ಯಂತ್ರದಲ್ಲಿ ಬೇರೇನಲ್ಲ, ಟಿಡಿಎಸ್ ಕಂಟ್ರೋಲರ್ ಎಂಬ ಪುಟ್ಟ ತಿರುಪು. ಅದನ್ನು ಬಿಚ್ಚಿದಷ್ಟೂ ಮೆಂಬ್ರೇನ್ ದಾಟದ ಮೂಲ ನೀರು ಒಂದಷ್ಟು ಬಂದು ಶುದ್ಧ ನೀರಿಗೆ ಸೇರುತ್ತದೆ. ಕ್ಯಾಲ್ಸಿಯಂ ಬರುವ ಆ ದಾರಿಯಲ್ಲೇ ಫ್ಲೋರೈಡೂ ಬರುತ್ತದೆ. ತಿರುಪಿಗೆ ಎರಡರ ವ್ಯತ್ಯಾಸ ಗೊತ್ತಿಲ್ಲ.

ಲೆಕ್ಕ ಹಾಕಿ ನೋಡೋಣ. ಮೂಲ ನೀರಿನ ಫ್ಲೋರೈಡ್ ಲೀಟರಿಗೆ 2.4 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ಒಳ್ಳೆಯ ಸ್ಥಿತಿಯಲ್ಲಿರುವ ಮೆಂಬ್ರೇನ್ ನೂರಕ್ಕೆ ತೊಂಬತ್ತರಷ್ಟು ತಡೆದರೆ 0.24 ಉಳಿಯುತ್ತದೆ. ಈಗ ತಿರುಪನ್ನು ಬಿಚ್ಚಿ ನೂರಕ್ಕೆ ಮೂವತ್ತು ಪಾಲು ಮೂಲ ನೀರು ಬೆರೆಸಿದರೆ, ಆ ಮೂವತ್ತು ಪಾಲಿನಿಂದ 0.72, ಉಳಿದ ಎಪ್ಪತ್ತರಿಂದ 0.17, ಒಟ್ಟು 0.89. ಅಪೇಕ್ಷಣೀಯ ಮಿತಿ 1.0ರ ಒಳಗೇ ಇದೆ, ಆದರೆ ಅಂಚಿನಲ್ಲಿದೆ. ಮೂಲ ನೀರಿನಲ್ಲಿ 3.0 ಇರುವ ಮನೆಯಲ್ಲಿ ಅದೇ ತಿರುಪು ಅಷ್ಟೇ ಬಿಚ್ಚಿದ್ದರೆ 1.11 ಆಗುತ್ತದೆ, ಮಿತಿ ದಾಟುತ್ತದೆ. ಮೆಂಬ್ರೇನ್ ಹಳತಾದರೆ ಇನ್ನೂ ಹೆಚ್ಚು. ಮನೆಯವರು "ನೀರು ಸಪ್ಪೆ" ಎಂದಾಗ ಸರ್ವೀಸ್ ಹುಡುಗ ಮಾಡುವುದು ಈ ತಿರುಪನ್ನು ಬಿಚ್ಚುವುದನ್ನೇ. ರುಚಿ ಬರುತ್ತದೆ, ಕರಪತ್ರದ ಒಂದು ಸರಿಗುರುತು ಸದ್ದಿಲ್ಲದೆ ತಪ್ಪಾಗುತ್ತದೆ.

ಇದನ್ನು ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನೆ ಕೂತ. ಆಮೇಲೆ, "ಹಾಗಾದರೆ ಏನು ಬರೆಯಲಿ ಸಾರ್?" ಎಂದ. ನಾನು ಹೇಳಿದ್ದಿಷ್ಟು: ಅಳೆದದ್ದನ್ನು ಬರಿ, ಯಾವ ಸ್ಥಿತಿಯಲ್ಲಿ ಅಳೆದೆ ಎಂಬುದನ್ನೂ ಅದೇ ಚೌಕದಲ್ಲಿ ಬರಿ. ಅವನು ತನ್ನ ಅಂಗಡಿಯ ಯಂತ್ರಕ್ಕೆ ಬೋರ್‌ವೆಲ್ ನೀರು ಹಾಕಿ, ಒಳಗಿನ ಮತ್ತು ಹೊರಗಿನ ನೀರನ್ನು ಒಂದೇ ದಿನ ಲ್ಯಾಬಿಗೆ ಕೊಟ್ಟ, ತಿರುಪು ಪೂರ್ತಿ ಮುಚ್ಚಿ ಒಮ್ಮೆ, ಸಾಮಾನ್ಯವಾಗಿ ಬಿಡುವಷ್ಟು ಬಿಟ್ಟು ಇನ್ನೊಮ್ಮೆ. ಆ ವರದಿ ಬಂದ ಮೇಲೆ ಎರಡು ಸಾಲೂ ಸೇರಿ ಒಂದಾದವು. ಫ್ಲೋರೈಡ್ ಚೌಕದಲ್ಲಿ ಸರಿಗುರುತಿನ ಬದಲು ಒಳಗೆ ಎಷ್ಟು, ಹೊರಗೆ ಎಷ್ಟು ಎಂಬ ಅಂಕಿಗಳು ಕೂತವು. ಜೊತೆಗೆ "ಹೊಸ ಮೆಂಬ್ರೇನ್, ಕಂಟ್ರೋಲರ್ ಮುಚ್ಚಿದಾಗ, ಬಿಚ್ಚಿದರೆ ಫ್ಲೋರೈಡ್ ಹೆಚ್ಚುತ್ತದೆ" ಎಂಬ ಮಾತೂ, ಪರೀಕ್ಷೆಯ ದಿನಾಂಕವೂ ಬಂತು. ಯುವಿ ಕಾಲಂನಲ್ಲಿ ಕೆಂಪು ಗುರುತಿನ ಜಾಗಕ್ಕೆ ಮೊದಲು ಅವನು ಬರೆದದ್ದು "ಕೆಲಸ ಮಾಡುವುದಿಲ್ಲ" ಎಂದು. ಅದು ಅನ್ಯಾಯ. ಯುವಿ ತಾನು ಮಾಡುತ್ತೇನೆಂದು ಹೇಳುವ ಕೆಲಸವನ್ನು ಮಾಡುತ್ತದೆ. ಕೊಡಲಿಗೆ ಹೊಲಿಯಲು ಬರುವುದಿಲ್ಲ ಎಂದು ತಪ್ಪುಗುರುತು ಹಾಕುವುದಿಲ್ಲವಲ್ಲ. "ಫ್ಲೋರೈಡ್ ತೆಗೆಯುವ ಉದ್ದೇಶದ್ದಲ್ಲ, ಫ್ಲೋರೈಡ್ ಮತ್ತು ಲವಣ ಮಿತಿಯೊಳಗಿದ್ದು ಸೂಕ್ಷ್ಮಜೀವಿಗಳ ಭಯ ಮಾತ್ರ ಇದ್ದರೆ ಇದು ಸಾಕು" ಎಂದು ತಿದ್ದಿದೆವು.

"ಸಾಕು ಅಂತ ಬರೆದರೆ ಅವರ ಅಂಗಡಿಗೇ ಹೋಗ್ತಾರಲ್ಲ ಸಾರ್" ಎಂದು ಅವನು ಕೇಳಿದ. ಹೋಗಲಿ, ಅವರು ಹೋಗಬೇಕಾದವರೇ. ಕೆರೆಯ ನೀರು ಬರುವ ಮನೆಗೆ ಆರ್‌ಒ ಮಾರಿದರೆ ಆ ಮನೆಯವರಿಗೆ ಉಳಿಯುವುದು ಫಿಲ್ಟರ್ ಬದಲಿಸುವ ಖರ್ಚು ಮತ್ತು ಮೋರಿಗೆ ಹರಿಯುವ ನೀರು. ವರ್ಷದೊಳಗೆ ಯಂತ್ರವನ್ನು ಮೂಲೆಗೆ ತಳ್ಳಿ, ಮಾರಿದವನನ್ನು ಬೀದಿಗೆಲ್ಲ ಬೈಯುತ್ತಾರೆ. ಆಂಡರ್ಸನ್‌ಪೇಟೆಯಷ್ಟು ಊರಿನಲ್ಲಿ ಅದು ಸಣ್ಣ ನಷ್ಟವಲ್ಲ. ಫ್ಲೋರೈಡ್ ನಿಜವಾಗಿಯೂ ಹೆಚ್ಚಿರುವ ಮನೆಯವರು ಮಾತ್ರ ಕಾರಣ ತಿಳಿದು ಬರುತ್ತಾರೆ.

ಮೋರಿಗೆ ಹರಿಯುವ ನೀರಿನ ಮಾತು ಬಂದಿತು. ಅದಕ್ಕೆ ಮೂಲ ಕೋಷ್ಟಕದಲ್ಲಿ ಸಾಲೇ ಇರಲಿಲ್ಲ. ತಾನು ಸೋಲುವ ಒಂದು ಸಾಲಾದರೂ ಇಲ್ಲದ ಕೋಷ್ಟಕವನ್ನು ನಾನು ನಂಬುವುದಿಲ್ಲ. ಮನೆಯ ಆರ್‌ಒ ಒಂದು ಲೀಟರ್ ಕೊಡಲು ಸುಮಾರು ಮೂರು ಲೀಟರ್ ಹೊರಗೆ ಬಿಡುವುದು ಸಾಮಾನ್ಯ. ದಿನಕ್ಕೆ ಹತ್ತು ಲೀಟರ್ ಬಳಸುವ ಮನೆಯಿಂದ ತಿಂಗಳಿಗೆ ಒಂಬೈನೂರು ಲೀಟರ್ ಹೋಗುತ್ತದೆ. ಟ್ಯಾಂಕರಿಗೆ ಕಾಯುವ ಓಣಿಗಳಿರುವ ನಮ್ಮೂರಿನಲ್ಲಿ ಇದನ್ನು ಮುಚ್ಚಿಟ್ಟು ಹೋಲಿಕೆ ಮಾಡುವುದು ಹೇಗೆ? ಇನ್ನೂ ಒಂದಿದೆ. ಹೊರಬರುವ ಆ ನೀರಿನಲ್ಲಿ ಫ್ಲೋರೈಡ್ ಮೂಲಕ್ಕಿಂತ ಗಟ್ಟಿಯಾಗಿರುತ್ತದೆ. ಮೇಲಿನ ಲೆಕ್ಕದಲ್ಲೇ ನೋಡಿದರೆ, ನಾಲ್ಕು ಲೀಟರಿನಲ್ಲಿದ್ದ 9.6 ಮಿಲಿಗ್ರಾಂನಲ್ಲಿ 0.24 ಮಾತ್ರ ಕುಡಿಯುವ ಲೀಟರಿಗೆ ಬಂದು, ಉಳಿದದ್ದು ಮೂರು ಲೀಟರಿನಲ್ಲಿ ಸೇರಿತು, ಅಂದರೆ ಲೀಟರಿಗೆ 3.1. ನೆಲ ಒರೆಸಲು, ಶೌಚಾಲಯಕ್ಕೆ ಬಳಸಬಹುದು. ದನಕ್ಕೆ ಕುಡಿಸಬಾರದು, ಅಡುಗೆಗೆ ಮೊದಲೇ ಬಾರದು. ಯುವಿ ಕಾಲಂನಲ್ಲಿ ಈ ಸಾಲಿಗೆ "ನೀರು ವ್ಯರ್ಥವಾಗುವುದಿಲ್ಲ" ಎಂದೇ ಬಂತು. ನೀರಿನ ಘಟಕದ ಚೌಕ ನಮಗೆ ಕಷ್ಟವಾಯಿತು. ಅಲ್ಲೂ ಹೆಚ್ಚಾಗಿ ಆರ್‌ಒ ಇರುತ್ತದೆ, ನೀರು ಅಲ್ಲೂ ಹೊರಹೋಗುತ್ತದೆ, ಆದರೆ ನಿಮ್ಮ ಮನೆಯಿಂದ ಅಲ್ಲ. "ಘಟಕದಲ್ಲಿ ಹೊರಹೋಗುತ್ತದೆ, ಪ್ರಮಾಣವನ್ನು ನಾವು ಅಳೆದಿಲ್ಲ" ಎಂದು ಬರೆದೆವು. ಕೋಷ್ಟಕದೊಳಗೆ "ಅಳೆದಿಲ್ಲ" ಎಂದು ಅಚ್ಚು ಹಾಕಲು ಅವನಿಗೆ ಮನಸ್ಸು ಬರಲೇ ಇಲ್ಲ, ಆ ಒಂದು ಪದಕ್ಕೆ ಅರ್ಧ ಗಂಟೆ ವಾದವಾಯಿತು. ಕೊನೆಗೆ ಉಳಿಯಿತು.

ಖರ್ಚಿನ ಸಾಲಿನಲ್ಲಿ ಹೆಚ್ಚು ಹೊತ್ತು ಹಿಡಿಯಲಿಲ್ಲ. ಮೂಲದ ಸರಿಗುರುತು ಯಂತ್ರದ ಬೆಲೆಯನ್ನು ಮಾತ್ರ ಕ್ಯಾನ್ ನೀರಿನ ಐದು ವರ್ಷದ ವೆಚ್ಚದ ಎದುರು ನಿಲ್ಲಿಸಿ ಹಾಕಿದ್ದು. ಒಂದೇ ಕುಟುಂಬ, ಒಂದೇ ಪ್ರಮಾಣದ ನೀರು, ಒಂದೇ ಅವಧಿ ಇಟ್ಟುಕೊಂಡು, ಫಿಲ್ಟರ್, ಮೆಂಬ್ರೇನ್, ಸರ್ವೀಸ್ ಎಲ್ಲ ಸೇರಿಸಿ ಮತ್ತೆ ಹಾಕಿಸಿದೆ. ಕ್ಯಾನಿಗಿಂತ ಅವನ ಯಂತ್ರ ಅಗ್ಗವಾಗಿಯೇ ಉಳಿಯಿತು, ಅಂತರ ಮಾತ್ರ ಮೊದಲಿನಷ್ಟಿಲ್ಲ. ನೀರಿನ ಘಟಕದ ಎದುರು ಸೋತಿತು. ದಿನಕ್ಕೆ ಹತ್ತು ಲೀಟರಿಗೆ ಎರಡೂವರೆ ರೂಪಾಯಿ, ವರ್ಷಕ್ಕೆ ಒಂಬೈನೂರು ಚಿಲ್ಲರೆ. ಅವನ ಅಂಗಡಿಯ ವಾರ್ಷಿಕ ಫಿಲ್ಟರ್ ಬದಲಾವಣೆಯ ಬಿಲ್ಲೇ ಅದಕ್ಕಿಂತ ಜಾಸ್ತಿ. ಅಲ್ಲಿ ಅವನಿಗೆ ಹೇಳಿಕೊಳ್ಳಲು ಇದ್ದದ್ದು ಬೇರೆ: ಬಿಂದಿಗೆ ಹೊರುವ ಶ್ರಮವಿಲ್ಲ, ಘಟಕ ಕೆಟ್ಟು ನಿಂತ ದಿನವೂ ನೀರು ಸಿಗುತ್ತದೆ. ಅದು ನಿಜ, ಅದನ್ನೇ ಬರೆದ.

ನಕ್ಷತ್ರ ಚಿಹ್ನೆಯ ಅಡಿಯ ಇಂಗ್ಲಿಷ್ ಸಾಲಿಗೆ ಕಾನೂನೇ ಉತ್ತರ ಹೇಳುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2022ರ ಜೂನ್‌ನಲ್ಲಿ ಹೊರಟ ಮಾರ್ಗಸೂಚಿಗಳ ಪ್ರಕಾರ, ಷರತ್ತಿನ ಸಾಲು ಮುಖ್ಯ ಹೇಳಿಕೆ ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ, ಅದೇ ಅಕ್ಷರದಲ್ಲಿ ಇರಬೇಕು. ಮೇಲೆ ಹೇಳಿದ್ದನ್ನು ಕೆಳಗೆ ಅಲ್ಲಗಳೆಯುವಂತಿರಬಾರದು. ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು, ಮರುಕಳಿಸಿದರೆ 50 ಲಕ್ಷದವರೆಗೆ. ದಂಡದ ಮಾತು ಪಕ್ಕಕ್ಕಿರಲಿ. ಕನ್ನಡದಲ್ಲಿ ಭರವಸೆ ಕೊಟ್ಟು ಇಂಗ್ಲಿಷಿನಲ್ಲಿ ಹಿಂತೆಗೆದುಕೊಳ್ಳುವುದು ಯಾರನ್ನು ಲೆಕ್ಕಕ್ಕೆ ಇಟ್ಟುಕೊಂಡು ಮಾಡುವ ಕೆಲಸ ಎಂದು ಯೋಚಿಸಿದರೆ ನೋವಾಗುತ್ತದೆ. ಷರತ್ತೆಲ್ಲ ಈಗ ಆಯಾ ಚೌಕದ ಒಳಗೇ ಇದ್ದುದರಿಂದ ನಕ್ಷತ್ರಕ್ಕೆ ಕೆಲಸ ಉಳಿಯಲಿಲ್ಲ. "ಶುದ್ಧ ನೀರು" ಎಂಬ ಮೊದಲ ಸಾಲೂ ಹೋಯಿತು. ಯಾವುದರಿಂದ ಶುದ್ಧ ಎಂದು ಕೆಳಗಿನ ಸಾಲುಗಳು ಹೇಳುತ್ತಿದ್ದವು.

ಮೂರನೆಯ ಸಂಜೆ ನಾನು ಅವನಿಗೆ ಇನ್ನೊಂದು ಕೆಲಸ ಹೇಳಿದೆ. ಪ್ರೂಫ್ ತೆಗೆದುಕೊಂಡು ಎದುರು ಸಾಲಿನ ಯುವಿ ಅಂಗಡಿಗೆ ಹೋಗಿ, ಅವರ ಕಾಲಂ ಅವರಿಗೇ ಓದಿಸು ಎಂದೆ. ಹಿಂದೆಮುಂದೆ ನೋಡಿದ, ಹೋದ. ಅಂಗಡಿಯ ಹಿರಿಯರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರಂತೆ. ಒಂದು ಕಡೆ ಬೆರಳಿಟ್ಟು, "ತಂಬಿ, ಕರೆಂಟ್ ಇಲ್ಲದಿದ್ದರೆ ಯುವಿ ನಡೆಯುವುದಿಲ್ಲ ಅಂತ ಬರೆದಿದ್ದೀಯ. ನಿನ್ನದು ನಡೆಯುತ್ತಾ?" ಎಂದು ಕೇಳಿದರಂತೆ. ಅವನ ಯಂತ್ರಕ್ಕೂ ಪಂಪು ಓಡಲು ಕರೆಂಟ್ ಬೇಕು. ತೊಟ್ಟಿಯಲ್ಲಿ ಮೊದಲೇ ತುಂಬಿದ್ದಷ್ಟು ಮಾತ್ರ ಸಿಗುತ್ತದೆ. ಆ ಸಾಲನ್ನು ನಾನೂ ಗಮನಿಸದೆ ಬಿಟ್ಟಿದ್ದೆ. ಎರಡೂ ಕಾಲಂಗೆ ಒಂದೇ ಮಾತು ಬಂತು.

ಉಳಿದದ್ದು ಸರ್ವೀಸ್. "ನಮ್ಮದು ಬೇಗ" ಎಂಬುದು ಅಲ್ಲಿನ ಸರಿಗುರುತಿನ ಅರ್ಥವಾಗಿತ್ತು. ಎಷ್ಟು ಬೇಗ ಎಂದು ಕೇಳಿದೆ. ಅವನ ಬಳಿ ದಾಖಲೆ ಇರಲಿಲ್ಲ. ಸಾಲು ತೆಗೆದೆವು, ಕರಪತ್ರ ಐದು ದಿನ ತಡವಾಗಿ ಅಚ್ಚಾಯಿತು. ಈಗ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ದೂರು ಬಂದ ದಿನ, ಹುಡುಗ ಹೋದ ದಿನ, ಸರಿಯಾದ ದಿನ ಎಂದು ಮೂರು ಕಾಲಂ ಗೆರೆ ಎಳೆದಿದ್ದಾನೆ.